ಪಿಪಿಟಿಯಿಂದ ಸಂಜೆಯ ಇಪ್ಪತ್ತು ನಿಮಿಷದ ಓದಿಗೆ: ಮೂರು ವಿಧಾನಗಳ ಹೋಲಿಕೆ

ಉದ್ಯೋಗ ಮಾಡುತ್ತಾ, ಮಕ್ಕಳನ್ನು ನೋಡಿಕೊಳ್ಳುತ್ತಾ ಯಾವುದಾದರೂ ಕೋರ್ಸಿಗೆ ಸೇರಿದವರಿಗೆ ವಾರಕ್ಕೊಂದರಂತೆ ನಲವತ್ತು ಐವತ್ತು ಸ್ಲೈಡುಗಳ ಪಿಪಿಟಿ ಬರುತ್ತದೆ. ಮಕ್ಕಳು ಮಲಗಿದ ಮೇಲೆ ತಲೆ ಓಡುವ ಸ್ಥಿತಿಯಲ್ಲಿ ಉಳಿಯುವ ಸಮಯ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಪಿಪಿಟಿಯನ್ನು ಈ ಇಪ್ಪತ್ತು ನಿಮಿಷಗಳಿಗೆ ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳು ಸಿಗುತ್ತವೆ: ದಿನಕ್ಕೆ ಇಷ್ಟು ಸ್ಲೈಡು ಎಂದು ಎಣಿಸಿ ಓದುವುದು, ಸ್ಲೈಡುಗಳನ್ನು ಫ್ಲ್ಯಾಶ್ ಕಾರ್ಡುಗಳಾಗಿ ಮಾಡಿಕೊಳ್ಳುವುದು, ಇಡೀ ಪಿಪಿಟಿಯನ್ನು ಒಂದು ಪುಟದ ಪ್ರಶ್ನೆಪಟ್ಟಿಯಾಗಿ ಇಳಿಸಿಕೊಂಡು ದಿನಕ್ಕೊಂದು ಭಾಗವನ್ನು ಓದುವುದು. ಎರಡು ವರ್ಷ ಸಂಜೆಯ ಓದಿನಲ್ಲಿ ಈ ಮೂರನ್ನೂ ಬಳಸಿದ್ದೇನೆ. ಬಹುಪಾಲು ವಿಷಯಗಳಿಗೆ ಮೂರನೆಯದನ್ನೇ ಸೂಚಿಸುತ್ತೇನೆ, ಆದರೆ ಮೊದಲೆರಡೂ ಸರಿಹೊಂದುವ ಸಂದರ್ಭಗಳಿವೆ.

ಹೋಲಿಕೆ ಕಾಲ್ಪನಿಕವಾಗದಿರಲಿ ಎಂದು ಒಂದೇ ಪಿಪಿಟಿಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅದು ಸಂಖ್ಯಾಶಾಸ್ತ್ರದ ಪ್ರಾರಂಭಿಕ ಕೋರ್ಸಿನದು, 46 ಸ್ಲೈಡುಗಳಿವೆ, ವಿಷಯ ಕಾನ್ಫಿಡೆನ್ಸ್ ಇಂಟರ್ವಲ್. ಒಂದು ಸಣ್ಣ ಮಾದರಿಯ ಸರಾಸರಿಯಿಂದ ಇಡೀ ಸಮೂಹದ ಸರಾಸರಿ ಎಲ್ಲಿರಬಹುದು ಎಂದು ಅಂದಾಜು ಮಾಡುವ ವಿಧಾನವನ್ನು ಅದು ಕಲಿಸುತ್ತದೆ.

ಸ್ಲೈಡು ಎಣಿಸಿ ಓದುವುದು

ಎಲ್ಲರೂ ಮೊದಲು ಹಿಡಿಯುವ ದಾರಿ ಇದು. 46 ಸ್ಲೈಡುಗಳನ್ನು ಐದು ಸಂಜೆಗೆ ಹಂಚಿದರೆ ದಿನಕ್ಕೆ ಒಂಬತ್ತು ಹತ್ತು ಬರುತ್ತವೆ, ಪೂರ್ವತಯಾರಿಯೇನೂ ಬೇಕಿಲ್ಲ, ಫೈಲು ತೆರೆದರೆ ಸಾಕು. ತೊಂದರೆ ಎರಡು ಕಡೆಯಿಂದ ಬರುತ್ತದೆ.

ಒಂದನೆಯದು, ಸ್ಲೈಡು ಎಂಬುದು ಉಪನ್ಯಾಸಕರು ಮಾತನಾಡುವಾಗ ಪರದೆಯ ಮೇಲಿರಬೇಕಾದ ಒಂದು ತುಣುಕೇ ಹೊರತು ಓದಿನ ಅಳತೆಯಲ್ಲ. ನಮ್ಮ ಪಿಪಿಟಿಯಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್‌ನ ಸೂತ್ರ 27ನೇ ಸ್ಲೈಡಿನಲ್ಲಿದೆ, ಅದನ್ನು ಬಳಸುವ ಲೆಕ್ಕ 31ರಲ್ಲಿ ಶುರುವಾಗುತ್ತದೆ. ದಿನಕ್ಕೆ ಹತ್ತರಂತೆ ಹೋದರೆ ಸೂತ್ರ ಒಂದು ರಾತ್ರಿಗೂ ಲೆಕ್ಕ ಮರುರಾತ್ರಿಗೂ ಬೀಳುತ್ತದೆ. ನಡುವೆ ಒಂದು ದಿನದ ಕಚೇರಿ ಕೆಲಸ, ಮಗುವಿನ ಹೋಮ್‌ವರ್ಕು, ಅಡುಗೆ ಎಲ್ಲವೂ ಆಗಿರುವುದರಿಂದ, ಎರಡನೆಯ ಸಂಜೆಯ ಅರ್ಧ ಭಾಗ ನಿನ್ನೆಯ ಸ್ಲೈಡುಗಳಿಗೆ ಹಿಂದಿರುಗುವುದರಲ್ಲೇ ಕಳೆಯುತ್ತದೆ.

ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು ಮತ್ತು ಕಣ್ಣಿಗೆ ಕಾಣದಂಥದ್ದು. ಸ್ಲೈಡನ್ನು ಎರಡನೆಯ ಬಾರಿ ಓದುವಾಗ ಅದು ಪರಿಚಿತವಾಗಿ ಕಾಣುತ್ತದೆ, ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ಭಾವಿಸುತ್ತೇವೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ಅನಂತರ ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು: ಅವರಿಗೆ ಸುಮಾರು ಶೇ. 81 ನೆನಪಿತ್ತು, ಬರೆದವರಿಗೆ ಶೇ. 75. ಒಂದು ವಾರದ ನಂತರ ಈ ಸ್ಥಾನಗಳು ಅದಲುಬದಲಾಗಿದ್ದವು: ಬರೆದವರಿಗೆ ಶೇ. 56, ಮತ್ತೆ ಓದಿದವರಿಗೆ ಶೇ. 42. ಸಂಜೆಯ ಓದುಗರು ಮುಖ್ಯವಾಗಿ ಗಮನಿಸಬೇಕಾದದ್ದು ಮೊದಲ ಜೋಡಿ ಅಂಕಿಗಳನ್ನು. ಓದಿ ಮುಗಿಸಿದ ಆ ರಾತ್ರಿ ಎಣಿಸಿ ಓದುವ ವಿಧಾನವೇ ಹೆಚ್ಚು ಫಲ ಕೊಟ್ಟಂತೆ ಅನ್ನಿಸುತ್ತದೆ, ಹಾಗಾಗಿ ಅದನ್ನು ಬಿಡಲು ನಮಗೆ ಕಾರಣವೇ ಕಾಣುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಕಾರಣ ಕಾಣುತ್ತದೆ, ಆಗ ಸಮಯ ಇರುವುದಿಲ್ಲ.

ಹಾಗಿದ್ದರೂ ಒಂದು ಬಗೆಯ ಪಿಪಿಟಿಗೆ ಇದೇ ಸಾಕು. ಕೋರ್ಸಿನ ಪರಿಚಯ, ಒಂದು ಕ್ಷೇತ್ರದ ಇತಿಹಾಸ, ಪರೀಕ್ಷೆಗೆ ಬಾರದ ಅತಿಥಿ ಉಪನ್ಯಾಸ ಇಂಥವನ್ನು ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಅವುಗಳಿಗೆ ಪ್ರಶ್ನೆಪಟ್ಟಿ ಮಾಡುತ್ತಾ ಕೂರುವುದು ಶ್ರಮದ ವ್ಯರ್ಥ.

ಫ್ಲ್ಯಾಶ್ ಕಾರ್ಡುಗಳು

ಕಾರ್ಡಿನ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ನೆನಪಿನಿಂದ ಹೊರತೆಗೆಯುವ ಕೆಲಸ ಇಲ್ಲಿ ತಾನಾಗಿಯೇ ನಡೆಯುತ್ತದೆ. ಆಂಕಿಯಂಥ ತಂತ್ರಾಂಶ ಬಳಸಿದರೆ ಯಾವ ಕಾರ್ಡು ಯಾವ ದಿನ ಮತ್ತೆ ಬರಬೇಕೆಂಬ ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ಅಂಗರಚನೆಯ ಹೆಸರುಗಳು, ಔಷಧಗಳ ವರ್ಗಗಳು, ಕಾನೂನಿನ ಕಲಮುಗಳು, ಹೊಸ ಭಾಷೆಯ ಪದಗಳು ಹೀಗೆ ಬಿಡಿಬಿಡಿಯಾಗಿ ನೆನಪಿಡಬೇಕಾದ ವಿಷಯವಿದ್ದರೆ ಇದಕ್ಕಿಂತ ಉತ್ತಮವಾದ ವಿಧಾನವನ್ನು ನಾನು ಕಂಡಿಲ್ಲ.

ಆದರೆ ಉದ್ಯೋಗಸ್ಥ ಪೋಷಕರಿಗೆ ಇದರಲ್ಲಿ ಎರಡು ಅಡಚಣೆಗಳಿವೆ. ಮೊದಲನೆಯದು ತಯಾರಿಯ ಸಮಯ. 46 ಸ್ಲೈಡುಗಳಿಂದ ಅರವತ್ತು ಕಾರ್ಡುಗಳಾದರೆ, ಒಂದಕ್ಕೆ ಒಂದು ನಿಮಿಷ ಹಿಡಿದರೂ ಒಂದು ಗಂಟೆ ಬೇಕು. ಅದನ್ನು ಸಂಜೆಯ ಇಪ್ಪತ್ತು ನಿಮಿಷಗಳಲ್ಲೇ ಮಾಡಲು ಹೊರಟರೆ ವಾರದ ಮೂರು ಸಂಜೆಗಳು ಕಾರ್ಡು ಬರೆಯುವುದಕ್ಕೇ ಹೋಗುತ್ತವೆ. ಎರಡನೆಯದು ಬಾಕಿ ಬೆಳೆಯುವ ಬಗೆ. ಆಂಕಿಯಲ್ಲಿ `New cards/day` ಎಂಬ ಮಿತಿ ಮೊದಲಿಗೆ 20 ಎಂದಿರುತ್ತದೆ. ಹೊಸದಾಗಿ ಕಲಿತ ಪ್ರತಿ ಕಾರ್ಡೂ ಮುಂದಿನ ದಿನಗಳಲ್ಲಿ ಹಲವು ಬಾರಿ ಮರಳಿ ಬರುತ್ತದೆ. ಮಗುವಿಗೆ ಜ್ವರ ಬಂದು ಮೂರು ರಾತ್ರಿ ತಪ್ಪಿದರೆ ನಾಲ್ಕನೆಯ ರಾತ್ರಿ ಆ ಮೂರೂ ದಿನಗಳ ಬಾಕಿ ಒಟ್ಟಿಗೆ ಎದುರಾಗುತ್ತದೆ, ಇಪ್ಪತ್ತು ನಿಮಿಷದಲ್ಲಿ ಅದು ಮುಗಿಯುವುದಿಲ್ಲ, ಹೊಸ ಪಾಠಕ್ಕೆ ಜಾಗವೇ ಉಳಿಯುವುದಿಲ್ಲ. ಕಾರ್ಡುಗಳನ್ನೇ ಆರಿಸಿಕೊಳ್ಳುವವರು ಮೊದಲ ದಿನವೇ ಆ ಮಿತಿಯನ್ನು 5ಕ್ಕೆ ಇಳಿಸಬೇಕು. ಹಾಗೆ ಮಾಡಿದಾಗ ವಾರಕ್ಕೆ 35 ಹೊಸ ಕಾರ್ಡುಗಳಷ್ಟೇ ಸೇರುವುದರಿಂದ, ಒಂದು ಪಿಪಿಟಿಯಿಂದ ಯಾವ 35 ಕಾರ್ಡುಗಳನ್ನು ಮಾಡಬೇಕು ಎಂದು ಆರಿಸುವ ಒತ್ತಾಯವೂ ಬರುತ್ತದೆ. ಆ ಒತ್ತಾಯ ಒಳ್ಳೆಯದೇ.

ಕಾರ್ಡುಗಳಿಗೆ ಇನ್ನೊಂದು ಮಿತಿಯಿದೆ, ಅದು ಸಮಯಕ್ಕೆ ಸಂಬಂಧಿಸಿದ್ದಲ್ಲ. ನಮ್ಮ ಪಿಪಿಟಿಯ ಸಾರವಿರುವುದು ಒಂದು ವಾದದ ಸರಪಳಿಯಲ್ಲಿ: ಮಾದರಿ ಬದಲಾದಂತೆ ಸರಾಸರಿ ಬದಲಾಗುತ್ತದೆ, ಆ ಬದಲಾವಣೆಗೆ ಸ್ಟ್ಯಾಂಡರ್ಡ್ ಎರರ್ ಎಂಬ ಒಂದು ಅಳತೆಯಿದೆ, ಆ ಅಳತೆಯಿಂದ ಕಾನ್ಫಿಡೆನ್ಸ್ ಇಂಟರ್ವಲ್ ಎಂಬ ಅಂತರವನ್ನು ಕಟ್ಟಬಹುದು. ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ಕಾರ್ಡು ಮಾಡಿದರೆ ಪ್ರತಿ ಕೊಂಡಿಯೂ ನೆನಪಿರುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ನೆನಪಿರುವುದಿಲ್ಲ.

ಪ್ರಶ್ನೆಪಟ್ಟಿ

ಇದರಲ್ಲಿ ತಯಾರಿಗೂ ಓದಿಗೂ ಬೇರೆಬೇರೆ ಹೊತ್ತು ಇರುತ್ತದೆ, ಅದರ ಮುಖ್ಯ ಲಾಭವೂ ಇದೇ. ದಣಿದ ತಲೆಯಿಂದ ಯಾವುದು ಮುಖ್ಯ, ಎಲ್ಲಿ ಮುರಿಯಬೇಕು ಎಂದು ತೀರ್ಮಾನಿಸುವುದು ಕಷ್ಟ. ಮುಂಚೆಯೇ ಬರೆದಿಟ್ಟ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು ಅಷ್ಟು ಕಷ್ಟವಲ್ಲ. ಆದ್ದರಿಂದ ತೀರ್ಮಾನಗಳೆಲ್ಲ ಭಾನುವಾರದ ನಲವತ್ತೈದು ನಿಮಿಷಗಳಲ್ಲಿ ಮುಗಿಯಬೇಕು. ಆ ನಲವತ್ತೈದು ನಿಮಿಷವನ್ನು ಒಟ್ಟಿಗೆ ಹೊಂದಿಸಲಾಗದವರು ಎರಡು ತುಂಡು ಮಾಡಿಕೊಳ್ಳಬಹುದು, ಆದರೆ ಸೋಮವಾರಕ್ಕೆ ಮುಂದೂಡಬಾರದು.

ಮೊದಲ ಹತ್ತು ನಿಮಿಷದಲ್ಲಿ ಪಿಪಿಟಿಯ ಶೀರ್ಷಿಕೆಗಳನ್ನು ಮಾತ್ರ ನೋಡುತ್ತಾ ಹೋಗಿ ಬೇಡದ ಸ್ಲೈಡುಗಳನ್ನು ಹೊಡೆದುಹಾಕಬೇಕು. ಮುಖಪುಟ, ಪರಿವಿಡಿ, ಹಿಂದಿನ ವಾರದ ಪುನರಾವರ್ತನೆ, ವಿಭಾಗದ ಹೆಸರಷ್ಟೇ ಇರುವ ಸ್ಲೈಡು ಇವು ಮೊದಲು ಹೋಗುತ್ತವೆ. ಉಪನ್ಯಾಸಕರು ಒಂದೊಂದೇ ಸಾಲು ತೋರಿಸಲು ಅದೇ ಸ್ಲೈಡನ್ನು ಮೂರು ನಾಲ್ಕು ಸಲ ಪ್ರತಿ ಮಾಡಿರುವುದೂ ಉಂಟು, ಅವುಗಳಲ್ಲಿ ಕೊನೆಯದೊಂದು ಸಾಕು. ನಮ್ಮ 46 ಸ್ಲೈಡುಗಳಲ್ಲಿ ಹೀಗೆ ತೆಗೆದ ಮೇಲೆ ಉಳಿದದ್ದು 31. ಫೈಲಿನಲ್ಲಿ ಉಪನ್ಯಾಸಕರ ನೋಟ್ಸ್ ಇದೆಯೇ ಎಂದು ಈ ಹಂತದಲ್ಲೇ ನೋಡಿಕೊಳ್ಳಬೇಕು. ಪಿಡಿಎಫ್ ಮಾಡುವಾಗ ಅವು ಬಿಟ್ಟುಹೋಗಿರಬಹುದು, ಆದ್ದರಿಂದ ಸಾಧ್ಯವಿದ್ದರೆ ಮೂಲ ಫೈಲನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಮುಂದಿನ ಇಪ್ಪತ್ತು ನಿಮಿಷದಲ್ಲಿ ಉಳಿದವನ್ನು ನಾಲ್ಕು ಭಾಗಗಳಾಗಿ ಗುಂಪು ಮಾಡಬೇಕು. ಎಲ್ಲಿ ಮುರಿಯಬೇಕು ಎಂಬುದಕ್ಕೆ ಒಂದು ಪರೀಕ್ಷೆಯಿದೆ: ಆ ಭಾಗ ಉತ್ತರಿಸುವ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಲು ಬರಬೇಕು. ಬರದಿದ್ದರೆ ಆ ಭಾಗದಲ್ಲಿ ಎರಡು ವಿಷಯಗಳಿವೆ ಎಂದರ್ಥ. ಕೊನೆಯ ಹದಿನೈದು ನಿಮಿಷ ಈ ಪ್ರಶ್ನೆಗಳನ್ನು ಬರೆಯುವುದಕ್ಕೆ. ಸ್ಲೈಡಿನ ಶೀರ್ಷಿಕೆಯನ್ನು ಹಾಗೆಯೇ ಎತ್ತಿಕೊಂಡು ಕೊನೆಗೆ "ಎಂದರೇನು" ಸೇರಿಸುವುದು ಸುಲಭ, ಆದರೆ ಅಂಥ ಪ್ರಶ್ನೆಗೆ ವ್ಯಾಖ್ಯಾನ ಒಪ್ಪಿಸಿದರೆ ಮುಗಿಯಿತು. ಏಕೆ, ಎಷ್ಟು, ಏನು ಬದಲಾದರೆ ಏನಾಗುತ್ತದೆ ಎಂದು ಕೇಳಿದಾಗ ಮಾತ್ರ ಸ್ಲೈಡುಗಳ ನಡುವಿನ ಸಂಬಂಧ ಹೊರಬರುತ್ತದೆ. ನಮ್ಮ ಪಿಪಿಟಿಯ ಹಾಳೆ ಹೀಗಾಯಿತು.

ಮೊದಲ ಭಾಗಕ್ಕೆ, 4ರಿಂದ 13: ಮೂಲ ದತ್ತಾಂಶ ಒಂದು ಕಡೆಗೆ ವಾಲಿಕೊಂಡಿದ್ದರೂ ದೊಡ್ಡ ಮಾದರಿಗಳ ಸರಾಸರಿಗಳು ಏಕೆ ಗಂಟೆಯಾಕಾರದಲ್ಲಿ ಹರಡುತ್ತವೆ? ಎರಡನೆಯದಕ್ಕೆ, 14ರಿಂದ 22: ಸ್ಟ್ಯಾಂಡರ್ಡ್ ಎರರ್ ಅರ್ಧಕ್ಕೆ ಇಳಿಯಬೇಕಾದರೆ ಮಾದರಿಯ ಗಾತ್ರ ಎಷ್ಟು ಪಟ್ಟಾಗಬೇಕು, ಏಕೆ? ಮೂರನೆಯದಕ್ಕೆ, 23ರಿಂದ 36: ಮಾದರಿಯ ಸರಾಸರಿ 70, ದತ್ತಾಂಶದ ಹರವಿನ ಅಳತೆ σ 16, ಮಾದರಿಯ ಗಾತ್ರ n 64 ಆದರೆ ಶೇ. 95ರ ಅಂತರ ಎಷ್ಟು? ನಾಲ್ಕನೆಯದಕ್ಕೆ, 37ರಿಂದ 44: ಆ ಶೇ. 95 ಯಾವುದರ ಬಗೆಗೆ ಹೇಳುತ್ತದೆ? ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಸ್ಲೈಡುಗಳ ಸಂಖ್ಯೆ ಬರೆದರೆ ಹಾಳೆ ಮುಗಿಯಿತು. ಉತ್ತರವನ್ನು ಆ ಹಾಳೆಯಲ್ಲಿ ಬರೆಯಬಾರದು.

ಇಪ್ಪತ್ತು ನಿಮಿಷದ ಒಳಗೆ

ಮೊದಲ ನಾಲ್ಕು ನಿಮಿಷ ಫೈಲನ್ನು ತೆರೆಯದೆಯೇ ನಿನ್ನೆಯ ಪ್ರಶ್ನೆಗೆ ಖಾಲಿ ಹಾಳೆಯಲ್ಲಿ ಉತ್ತರ ಬರೆಯಬೇಕು. ಮುಂದಿನ ಒಂಬತ್ತು ನಿಮಿಷ ಇಂದಿನ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಆ ಭಾಗದ ಸ್ಲೈಡುಗಳನ್ನು ಓದಬೇಕು. ಪ್ರಶ್ನೆಗೆ ಸಂಬಂಧಿಸದ ಸ್ಲೈಡು ಬಂದರೆ ನಿಲ್ಲದೆ ದಾಟಬಹುದು. ಆಮೇಲೆ ಫೈಲು ಮುಚ್ಚಿ ಐದು ನಿಮಿಷ ಉತ್ತರ ಬರೆಯಬೇಕು, ಉಳಿದ ಎರಡು ನಿಮಿಷದಲ್ಲಿ ಸ್ಲೈಡಿನೊಂದಿಗೆ ತಾಳೆ ನೋಡಿ ತಪ್ಪಿದ ಕಡೆ ಗುರುತು ಹಾಕಬೇಕು. ಟೈಮರ್ ಬಡಿದಾಗ ಓದು ಅರ್ಧವಾಗಿದ್ದರೂ ಬರೆಯುವ ಐದು ನಿಮಿಷವನ್ನು ಬಿಡಬಾರದು. ಒಂಬತ್ತು ನಿಮಿಷದ ಓದನ್ನು ಹದಿನಾಲ್ಕಕ್ಕೆ ಎಳೆಯುವ ಆಸೆ ಪ್ರತಿ ರಾತ್ರಿಯೂ ಬರುತ್ತದೆ, ಹಾಗೆ ಎಳೆದ ರಾತ್ರಿ ನಾವು ಮತ್ತೆ ಮೊದಲನೆಯ ವಿಧಾನಕ್ಕೇ ಮರಳಿರುತ್ತೇವೆ.

ಬರೆಯುವುದರಿಂದ ಏನು ಬಯಲಾಗುತ್ತದೆ ಎಂಬುದನ್ನು ಮೂರನೆಯ ಮತ್ತು ನಾಲ್ಕನೆಯ ಭಾಗದಲ್ಲಿ ಸ್ಪಷ್ಟವಾಗಿ ನೋಡಬಹುದು. ಮೂರನೆಯದು ಲೆಕ್ಕ, ಮೊದಲ ಸಾಲು ಸ್ಟ್ಯಾಂಡರ್ಡ್ ಎರರ್, 1.96 ಎಂಬುದು ಶೇ. 95ರ ಅಂತರಕ್ಕೆ ಬಳಸುವ ಗುಣಕ:

```
16 / √64 = 2
1.96 × 2 = 3.92
70 ± 3.92 → 66.08 – 73.92
```

ಇದನ್ನು ಓದುವಾಗ ಅರ್ಥವಾಗದ್ದು ಏನೂ ಇಲ್ಲ. ಫೈಲು ಮುಚ್ಚಿ ಬರೆದಾಗ ನಾನು 64ರ ವರ್ಗಮೂಲ ತೆಗೆಯದೆ ನೇರವಾಗಿ ಭಾಗಿಸಿದ್ದೆ. ಹಾಗೆ ಮಾಡಿದರೆ ಸ್ಟ್ಯಾಂಡರ್ಡ್ ಎರರ್ 0.25 ಬರುತ್ತದೆ, ಅಂತರ ತೀರಾ ಕಿರಿದಾಗುತ್ತದೆ. ತಾಳೆ ನೋಡುವ ಎರಡು ನಿಮಿಷದಲ್ಲಿ ತಪ್ಪು ಸಿಕ್ಕಿತು, ಜೊತೆಗೆ ಎರಡನೆಯ ಭಾಗದ ಪ್ರಶ್ನೆಗೆ ನಾನು ಬರೆದಿದ್ದ "ನಾಲ್ಕು ಪಟ್ಟು" ಎಂಬ ಉತ್ತರ ಬರೀ ಬಾಯಿಪಾಠವಾಗಿತ್ತೆಂಬುದೂ ತಿಳಿಯಿತು. ವರ್ಗಮೂಲ ಇರುವುದರಿಂದಲೇ ನಾಲ್ಕು ಪಟ್ಟು ಬೇಕಾಗುತ್ತದೆ: n 256 ಆದರೆ ಸ್ಟ್ಯಾಂಡರ್ಡ್ ಎರರ್ 1ಕ್ಕೆ ಇಳಿಯುತ್ತದೆ.

ನಾಲ್ಕನೆಯ ಭಾಗದಲ್ಲಿ ಲೆಕ್ಕವಿಲ್ಲ, ಆದರೂ ಹೆಚ್ಚು ಜನ ಎಡವುವುದು ಅಲ್ಲೇ. "ನಿಜವಾದ ಸರಾಸರಿ 66.08 ಮತ್ತು 73.92ರ ನಡುವೆ ಇರುವ ಸಂಭವನೀಯತೆ ಶೇ. 95" ಎಂದು ಬರೆದರೆ ಅದು ತಪ್ಪು. ಇದೇ ವಿಧಾನದಿಂದ ಮತ್ತೆ ಮತ್ತೆ ಮಾದರಿ ತೆಗೆದು ಅಂತರ ಕಟ್ಟುತ್ತಾ ಹೋದರೆ, ದೀರ್ಘಾವಧಿಯಲ್ಲಿ ನೂರಕ್ಕೆ ಸುಮಾರು 95 ಅಂತರಗಳು ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ ಎಂಬುದು ಸರಿ. ಶೇ. 95 ಹೇಳುವುದು ವಿಧಾನದ ಬಗೆಗೆ, ಕೈಯಲ್ಲಿರುವ ಒಂದು ಅಂತರದ ಬಗೆಗಲ್ಲ. ಈ ಎರಡು ವಾಕ್ಯಗಳನ್ನು ಸ್ಲೈಡಿನಲ್ಲಿ ಒಂದರ ಪಕ್ಕ ಒಂದು ಓದಿದಾಗ ವ್ಯತ್ಯಾಸ ತಿಳಿದಂತೆಯೇ ಇರುತ್ತದೆ, ಸ್ವಂತ ಮಾತಿನಲ್ಲಿ ಬರೆಯಲು ಕೂತಾಗ ಕೈ ತಾನಾಗಿ ತಪ್ಪು ವಾಕ್ಯದ ಕಡೆಗೆ ಹೋಗುತ್ತದೆ.

ವಾರದ ಹಂಚಿಕೆ

ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದು ಭಾಗ. ಶುಕ್ರವಾರ ಹೊಸದೇನೂ ಇಲ್ಲ: ಈ ವಾರದ ನಾಲ್ಕೂ ಪ್ರಶ್ನೆಗಳಿಗೆ ಹತ್ತು ನಿಮಿಷ, ಹಿಂದಿನ ಹಾಳೆಯೊಂದಕ್ಕೆ ಹತ್ತು ನಿಮಿಷ. ಶನಿವಾರವನ್ನು ಬೇಕೆಂದೇ ಖಾಲಿ ಇಡಬೇಕು, ಏಕೆಂದರೆ ನಾಲ್ಕು ಸಂಜೆಗಳಲ್ಲಿ ಒಂದಾದರೂ ಕೈತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡ ಯೋಜನೆ ಮಾತ್ರ ಮೂರನೆಯ ವಾರವನ್ನು ದಾಟುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರನೆಯ ಭಾಗ ಬುಧವಾರ ಮುಗಿಯಲಿಲ್ಲ, 31ರಿಂದ 36ರ ವರೆಗಿನ ಲೆಕ್ಕ ಶನಿವಾರಕ್ಕೆ ಹೋಯಿತು. ಒಂದಕ್ಕಿಂತ ಹೆಚ್ಚು ಸಂಜೆ ತಪ್ಪಿದರೆ ಬಾಕಿಯನ್ನು ಮುಂದಿನ ವಾರಕ್ಕೆ ಹೊರಿಸಬೇಡಿ. ಓದದೆ ಉಳಿದ ಭಾಗದ ಪ್ರಶ್ನೆಗೆ ಒಂದು ಗೆರೆ ಎಳೆದು ಹಾಳೆಯನ್ನು ಮಡಚಿಡಿ, ಹಳೆಯ ಹಾಳೆಗಳ ಶುಕ್ರವಾರ ಅದು ಮತ್ತೆ ಎದುರಾಗುತ್ತದೆ. ಪ್ರಶ್ನೆಪಟ್ಟಿ ಕಾರ್ಡುಗಳಿಗಿಂತ ಸುಲಭವಾಗಿ ಅಡಚಣೆಯನ್ನು ತಾಳಿಕೊಳ್ಳುವುದು ಇದೇ ಕಾರಣದಿಂದ: ಮೂರು ರಾತ್ರಿ ಬಿಟ್ಟರೂ ಬಾಕಿಯಾಗುವುದು ಮೂರು ಪ್ರಶ್ನೆಗಳಷ್ಟೇ.

ಹಿಂದಿನ ಯಾವ ಹಾಳೆಯನ್ನು ತೆಗೆಯಬೇಕು ಎಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದನ್ನು ಅವಲಂಬಿಸಿದೆ. ನಿಕೋಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುನರಾವರ್ತನೆಯಾದ ಏಳು ದಿನಕ್ಕೆ ಪರೀಕ್ಷೆಯಿದ್ದಾಗ ಮೊದಲ ಓದಿಗೂ ಪುನರಾವರ್ತನೆಗೂ ನಡುವೆ ಸುಮಾರು ಒಂದು ದಿನದ ಅಂತರ ಹೆಚ್ಚು ಫಲ ಕೊಟ್ಟಿತು, 35 ದಿನಕ್ಕೆ ಪರೀಕ್ಷೆಯಿದ್ದಾಗ ಸುಮಾರು 11 ದಿನ, 70 ದಿನಕ್ಕಿದ್ದಾಗ ಸುಮಾರು 21 ದಿನ. ಇದನ್ನು ಮನೆಯ ಕ್ಯಾಲೆಂಡರಿಗೆ ಅಳವಡಿಸುವುದು ಕಷ್ಟವೇನಲ್ಲ. ಪರೀಕ್ಷೆಗೆ ಒಂದೂವರೆ ತಿಂಗಳಿದ್ದರೆ ಹೋದ ವಾರದ ಹಾಳೆಯನ್ನು ತೆಗೆಯಬೇಕು: ಅದರ ಸೋಮವಾರದ ಪ್ರಶ್ನೆ 11 ದಿನ ಹಳೆಯದಾಗಿರುತ್ತದೆ, ಗುರುವಾರದ್ದು 8 ದಿನ. ಮೂರು ತಿಂಗಳಿದ್ದರೆ ಮೂರು ವಾರ ಹಿಂದಿನ ಹಾಳೆಯವರೆಗೂ ಹೋಗಬಹುದು. ಒಂದೆರಡು ದಿನ ಆಚೀಚೆಯಾದರೆ ಚಿಂತಿಸಬೇಕಿಲ್ಲ.

ಯಾವುದನ್ನು ಆರಿಸುವುದು

ಪಿಪಿಟಿಯ ಬಗೆಯನ್ನು ಮೊದಲು ನೋಡಬೇಕು, ನಿಮ್ಮ ಸಂಜೆಗಳ ಬಗೆಯನ್ನು ಅನಂತರ. ಸ್ಲೈಡುಗಳ ಕ್ರಮವನ್ನು ಅದಲುಬದಲು ಮಾಡಿದರೂ ಅರ್ಥ ಕೆಡದಿದ್ದರೆ ಅದು ಬಿಡಿ ಸಂಗತಿಗಳ ಪಿಪಿಟಿ, ಕಾರ್ಡು ಮಾಡಿ. ಕ್ರಮ ಬದಲಾದರೆ ಅರ್ಥ ಕೆಡುವುದಾದರೆ ಅಲ್ಲಿ ವಾದವೋ ಲೆಕ್ಕವೋ ಇದೆ, ಪ್ರಶ್ನೆಪಟ್ಟಿಯೇ ಬೇಕು. ಸಂಜೆಯ ಸಮಯ ಇಪ್ಪತ್ತು ನಿಮಿಷ ಒಟ್ಟಿಗೆ ಸಿಗದೆ ಐದೈದು ನಿಮಿಷವಾಗಿ ಒಡೆಯುವುದಾದರೆ, ಉದಾಹರಣೆಗೆ ಮನೆಯಲ್ಲಿ ಪದೇಪದೇ ಏಳುವ ಕೂಸಿದ್ದರೆ, ಆ ಕೆಲವು ತಿಂಗಳ ಮಟ್ಟಿಗೆ ಕಾರ್ಡುಗಳೇ ಹೆಚ್ಚು ಸೂಕ್ತ. ಒಂಬತ್ತು ನಿಮಿಷದ ಅಖಂಡ ಓದು ಇಲ್ಲದೆ ಪ್ರಶ್ನೆಪಟ್ಟಿ ಕೆಲಸ ಮಾಡುವುದಿಲ್ಲ. ಎರಡನ್ನೂ ಬೆರೆಸುವುದಾದರೆ ಪ್ರತಿ ಭಾಗಕ್ಕೆ ಎರಡು ಕಾರ್ಡುಗಳಿಗಿಂತ ಹೆಚ್ಚು ಬೇಡ, ಅವೂ ಬರೆಯುವಾಗ ತಪ್ಪಿದ ಕಡೆಗಳಿಂದಲೇ ಬರಲಿ. ನನ್ನ ವಿಷಯದಲ್ಲಿ ಅಂಥ ಒಂದು ಕಾರ್ಡು ಆ ವರ್ಗಮೂಲದ್ದು.

ಆರಿಸಿದ್ದು ಸರಿಯೇ ಎಂದು ಮೊದಲ ವಾರದಲ್ಲಿ ತೀರ್ಮಾನಿಸಬೇಡಿ, ಆ ರಾತ್ರಿಯ ಅನ್ನಿಸಿಕೆಯನ್ನು ನಂಬುವಂತಿಲ್ಲವೆಂದು ಮೇಲಿನ ಪ್ರಯೋಗವೇ ತೋರಿಸಿದೆ. ಮೂರನೆಯ ವಾರದ ಶುಕ್ರವಾರ ಮೊದಲ ವಾರದ ಹಾಳೆಯನ್ನು ತೆಗೆದು ನಾಲ್ಕೂ ಪ್ರಶ್ನೆಗಳಿಗೆ ನೋಡದೆ ಉತ್ತರ ಬರೆಯಿರಿ. ಮೂರಕ್ಕೆ ಸರಿಯುತ್ತರ ಬಂದರೆ ಹಾಗೆಯೇ ಮುಂದುವರಿಸಿ. ಎರಡಕ್ಕಿಂತ ಕಡಿಮೆ ಬಂದರೆ ತಪ್ಪಿದವುಗಳ ಪಕ್ಕದಲ್ಲಿರುವ ಸ್ಲೈಡು ಸಂಖ್ಯೆಗಳನ್ನು ಗಮನಿಸಿ. ಅವು ಹನ್ನೆರಡು ಹದಿನಾಲ್ಕು ಸ್ಲೈಡುಗಳ ಭಾಗಗಳಾಗಿದ್ದರೆ ಒಂದು ಸಂಜೆಗೆ ಹೆಚ್ಚು ತುಂಬಿದ್ದೀರಿ, ಮುಂದಿನ ಭಾನುವಾರ ಅಂಥ ಭಾಗವನ್ನು ಎರಡಾಗಿ ಒಡೆದು, ಇನ್ನೊಂದು ಭಾಗವನ್ನು ಪೂರ್ತಿ ಕೈಬಿಡಿ. ಭಾಗಗಳು ಚಿಕ್ಕವೇ ಆಗಿದ್ದೂ ಉತ್ತರ ಬಾರದಿದ್ದರೆ, ಬರೆಯುವ ಐದು ನಿಮಿಷ ಎಷ್ಟು ರಾತ್ರಿ ನಿಜವಾಗಿ ನಡೆಯಿತು ಎಂದು ಆ ವಾರ ಉತ್ತರ ಬರೆದ ಹಾಳೆಗಳನ್ನು ಎಣಿಸಿ ನೋಡಿ.